ಸಕ್ಕರೆ ಹಾಕಿದರೂ ನೀಲಿ ಹೋಗಲಿಲ್ಲವೇ? ಬೆನೆಡಿಕ್ಟ್ ಪರೀಕ್ಷೆಯನ್ನು ಸರಿಯಾಗಿ ಮಾಡುವ ಕ್ರಮ

ದಾವಣಗೆರೆ, ಜಗಳೂರು, ಹಿರಿಯೂರು ಕಡೆಯ ಹೈಸ್ಕೂಲ್ ಮೇಷ್ಟ್ರುಗಳೂ ಪಿಯು ಮಕ್ಕಳೂ ನನ್ನನ್ನು ವರ್ಷ ವರ್ಷ ಕೇಳುವ ಪ್ರಶ್ನೆ ಒಂದೇ. "ಸರ್, ಬೆನೆಡಿಕ್ಟ್ ದ್ರಾವಣಕ್ಕೆ ಸಕ್ಕರೆ ನೀರು ಹಾಕಿ ಹತ್ತು ನಿಮಿಷ ಕುದಿಸಿದೆವು. ನೀಲಿ ನೀಲಿಯಾಗೇ ಉಳೀತು. ದ್ರಾವಣ ಕೆಟ್ಟಿದೆಯಾ?" ಸಕ್ಕರೆ ಇದ್ದರೆ ನೀಲಿ ಹೋಗಿ ಹಸಿರಾಗುತ್ತದೆ, ಕೊನೆಗೆ ಇಟ್ಟಂಗಿ ಕೆಂಪಾಗುತ್ತದೆ ಅಂತ ಪುಸ್ತಕದಲ್ಲಿದೆ. ಅಡುಗೆಮನೆ ಡಬ್ಬಿಯಿಂದ ಒಳ್ಳೆ ಬಿಳಿ ಸಕ್ಕರೆಯನ್ನೇ ತಂದು ಹಾಕಿದ್ದಾರೆ. ಆದರೂ ಏನೂ ಆಗಿಲ್ಲ.

ದ್ರಾವಣ ಕೆಟ್ಟಿಲ್ಲ. ಅಡುಗೆ ಸಕ್ಕರೆಗೆ ಈ ಪರೀಕ್ಷೆಯಲ್ಲಿ ಬಣ್ಣ ಬದಲಾಗಬಾರದು, ಬದಲಾಗಿಲ್ಲ. ಗೊಂದಲ ಇರುವುದು ನಮ್ಮ ಪದದಲ್ಲಿ. ಟೀಗೆ ಹಾಕುವುದೂ ಸಕ್ಕರೆ, ಹಣ್ಣಿನಲ್ಲಿರುವುದೂ ಸಕ್ಕರೆ, ಹಾಲಿನಲ್ಲಿರುವುದೂ ಸಕ್ಕರೆ, ರಕ್ತದಲ್ಲಿ ಜಾಸ್ತಿಯಾದರೆ ಅದೂ ಸಕ್ಕರೆ ಕಾಯಿಲೆ. ಬೆನೆಡಿಕ್ಟ್ ದ್ರಾವಣ ಇವೆಲ್ಲವನ್ನೂ ಒಂದೇ ಎಂದು ನೋಡುವುದಿಲ್ಲ. ಕೆಲವನ್ನು ಹಿಡಿಯುತ್ತದೆ, ಕೆಲವನ್ನು ಬಿಡುತ್ತದೆ. ಯಾವುದನ್ನು ಯಾಕೆ ಹಿಡಿಯುತ್ತದೆ ಅನ್ನುವುದು ತಿಳಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಆದ್ದರಿಂದ ಮೊದಲು ಅದನ್ನು ಹೇಳಿ, ಆಮೇಲೆ ಕೆಲಸಕ್ಕೆ ಬರುತ್ತೇನೆ.

ಪ್ರನಾಳದೊಳಗೆ ಏನಾಗುತ್ತದೆ

ಬೆನೆಡಿಕ್ಟ್ ದ್ರಾವಣದ ನೀಲಿ ಬಣ್ಣ ತಾಮ್ರದ್ದು. ಮೈಲುತುತ್ತದ ನೀಲಿಯೇ ಅದು. ಕ್ಷಾರದಲ್ಲಿ, ಅಂದರೆ ಸೋಡಾ ಇರುವ ದ್ರಾವಣದಲ್ಲಿ ಬಿಸಿ ಮಾಡಿದಾಗ ಕೆಲವು ಸಕ್ಕರೆಗಳು ಈ ತಾಮ್ರಕ್ಕೆ ಎಲೆಕ್ಟ್ರಾನ್ ಕೊಡುತ್ತವೆ. ಎಲೆಕ್ಟ್ರಾನ್ ಪಡೆದ ತಾಮ್ರ ನೀರಿನಲ್ಲಿ ಕರಗಿ ಇರಲಾರದು. ಕೆಂಪು ಪುಡಿಯಾಗಿ ಕೆಳಗೆ ಕೂರುತ್ತದೆ. ಆ ಪುಡಿಯ ಹೆಸರು ಕ್ಯುಪ್ರಸ್ ಆಕ್ಸೈಡ್, ಸೂತ್ರ Cu₂O. ಹೀಗೆ ತಳಕ್ಕಿಳಿಯುವ ಪುಡಿಯನ್ನು ಪುಸ್ತಕದಲ್ಲಿ ಪ್ರಕ್ಷೇಪ ಅನ್ನುತ್ತಾರೆ. ನಾನು ಇಲ್ಲಿ ಗಸಿ ಅಂತಲೇ ಬರೆಯುತ್ತೇನೆ.

ನಡುವೆ ಕಾಣುವ ಹಸಿರು ಬೇರೆ ಯಾವುದೋ ಹೊಸ ವಸ್ತುವಿನ ಬಣ್ಣವಲ್ಲ. ನೀಲಿ ನೀರು ಇನ್ನೂ ಉಳಿದಿದೆ, ಅದರೊಳಗೆ ಸ್ವಲ್ಪ ಹಳದಿ ಗಸಿ ತೇಲುತ್ತಿದೆ. ನೀಲಿಯ ಮೇಲೆ ಹಳದಿ ಸೇರಿ ಕಣ್ಣಿಗೆ ಹಸಿರು ಕಾಣುತ್ತದೆ. ಗಸಿ ಹೆಚ್ಚಿದಂತೆ ಹಳದಿ, ಕಿತ್ತಳೆ, ಕೊನೆಗೆ ನೀಲಿ ಪೂರ್ತಿ ಖಾಲಿಯಾಗಿ ಇಟ್ಟಂಗಿ ಕೆಂಪು. ಅಂದರೆ ಬಣ್ಣದ ಈ ಮೆಟ್ಟಿಲುಗಳು ಎಷ್ಟು ತಾಮ್ರ ಕೆಳಗೆ ಬಿತ್ತು ಅನ್ನುವುದರ ಲೆಕ್ಕ.

ಎಲೆಕ್ಟ್ರಾನ್ ಕೊಡಬಲ್ಲ ಸಕ್ಕರೆಗೆ ಅಪಕರ್ಷಕ ಸಕ್ಕರೆ ಎಂದು ಹೆಸರು. ಗ್ಲೂಕೋಸ್, ಫ್ರಕ್ಟೋಸ್ (ಹಣ್ಣಿನ ಸಕ್ಕರೆ), ಹಾಲಿನ ಲ್ಯಾಕ್ಟೋಸ್, ಮೊಳಕೆ ಕಾಳಿನ ಮಾಲ್ಟೋಸ್ ಎಲ್ಲ ಈ ಗುಂಪಿನವು. ಇವುಗಳ ಅಣುವಿನ ಒಂದು ತುದಿ ಬಿಚ್ಚಿಕೊಳ್ಳಬಲ್ಲದು. ಕೆಲಸ ಮಾಡುವುದು ಆ ತುದಿಯೇ. ಅಡುಗೆ ಸಕ್ಕರೆ ಅಂದರೆ ಸುಕ್ರೋಸ್. ಅದು ಒಂದು ಗ್ಲೂಕೋಸ್ ಮತ್ತು ಒಂದು ಫ್ರಕ್ಟೋಸ್ ಸೇರಿ ಆದದ್ದು. ಆದರೆ ಇಬ್ಬರೂ ತಮ್ಮ ಕೆಲಸದ ಕೈಯನ್ನೇ ಒಬ್ಬರಿಗೊಬ್ಬರು ಹಿಡಿದುಕೊಂಡಿದ್ದಾರೆ. ತಾಮ್ರಕ್ಕೆ ಕೊಡಲು ಕೈ ಖಾಲಿ ಇಲ್ಲ. ಅದಕ್ಕೇ ನೀಲಿ ಹಾಗೇ ಉಳಿಯುತ್ತದೆ.

ಏನೇನು ಬೇಕು

ಪ್ರನಾಳಗಳು ಆರು, ಪ್ರನಾಳ ಹಿಡಿಯುವ ಇಕ್ಕಳ, 250 ಮಿಲಿ ಬೀಕರ್ ಒಂದು, ಸ್ಪಿರಿಟ್ ದೀಪ ಅಥವಾ ಇಂಡಕ್ಷನ್ ಒಲೆ, ಗಾಜಿನ ಡ್ರಾಪರ್ ಎರಡು, ಅಳತೆ ಜಾಡಿ, ಒಂದು ಬಿಳಿ ಹಾಳೆ. ಬೆನೆಡಿಕ್ಟ್ ದ್ರಾವಣ ಸಿದ್ಧವಾಗಿ ಸಿಗುತ್ತದೆ. ಅದನ್ನೇ ಕೊಳ್ಳುವುದು ಸುಲಭ. ಶಾಲೆಯಲ್ಲೇ ಮಾಡಿಕೊಳ್ಳುವವರಿಗೆ 100 ಮಿಲಿ ದ್ರಾವಣದ ಲೆಕ್ಕ ಹೀಗಿದೆ: ತಾಮ್ರದ ಸಲ್ಫೇಟ್ ಹರಳು 1.73 ಗ್ರಾಂ, ಸೋಡಿಯಂ ಸಿಟ್ರೇಟ್ 17.3 ಗ್ರಾಂ, ನೀರಿನಂಶ ಇಲ್ಲದ ಸೋಡಿಯಂ ಕಾರ್ಬೋನೇಟ್ 10 ಗ್ರಾಂ. ಅಮೆರಿಕದ ಸ್ಟಾನ್ಲಿ ಬೆನೆಡಿಕ್ಟ್ 1908ರ ಸುಮಾರಿಗೆ ಈ ದ್ರಾವಣವನ್ನು ರೂಪಿಸಿದ. ಅವನ ಲೆಕ್ಕವನ್ನೇ ಇವತ್ತಿಗೂ ಎಲ್ಲರೂ ಪಾಲಿಸುತ್ತಾರೆ.

ಮಾಡುವಾಗ ಕ್ರಮ ತಪ್ಪಿದರೆ ದ್ರಾವಣ ಹಾಳು. ಸಿಟ್ರೇಟ್ ಮತ್ತು ಕಾರ್ಬೋನೇಟ್ ಎರಡನ್ನೂ ಸುಮಾರು 80 ಮಿಲಿ ಬೆಚ್ಚಗಿನ ನೀರಿನಲ್ಲಿ ಪೂರ್ತಿ ಕರಗಿಸಿ. ತಾಮ್ರದ ಸಲ್ಫೇಟನ್ನು ಬೇರೆ ಲೋಟದಲ್ಲಿ 10 ಮಿಲಿ ನೀರಿನಲ್ಲಿ ಕರಗಿಸಿ. ತಾಮ್ರದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಮೊದಲನೆಯದಕ್ಕೆ ಹಾಕುತ್ತಾ ಕಲಕುತ್ತಿರಿ. ಕೊನೆಗೆ ನೀರು ಸೇರಿಸಿ 100 ಮಿಲಿಗೆ ತನ್ನಿ. ಸಿಟ್ರೇಟ್ ಇಲ್ಲದೆ ತಾಮ್ರಕ್ಕೆ ನೇರವಾಗಿ ಸೋಡಾ ಸೇರಿಸಿದರೆ ಎಳೆ ನೀಲಿ ಗಸಿ ಬಿದ್ದು ಮಜ್ಜಿಗೆಯಂತಾಗುತ್ತದೆ. ತಾಮ್ರವನ್ನು ಹಿಡಿದು ನೀರಿನಲ್ಲೇ ಉಳಿಸುವುದು ಸಿಟ್ರೇಟ್‌ನ ಕೆಲಸ.

ಇಲ್ಲಿ ಮೂರು ತಪ್ಪುಗಳು ಆಗಾಗ ಕಾಣುತ್ತವೆ. ಒಂದು, ಹರಳು ರೂಪದ ವಾಷಿಂಗ್ ಸೋಡಾವನ್ನು 10 ಗ್ರಾಂ ಹಾಕುವುದು. ಆ ಹರಳಿನಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಅದನ್ನು ಬಳಸುವುದಾದರೆ 27 ಗ್ರಾಂ ಬೇಕು. ಎರಡು, ಅಡುಗೆ ಸೋಡಾ ಹಾಕುವುದು. ಅದು ಬೈಕಾರ್ಬೋನೇಟ್. ಅದರ ಕ್ಷಾರ ಸಾಲದು. ಮೂರನೆಯದು ನಮ್ಮ ಕಡೆಯದೇ. ಚನ್ನಗಿರಿ ಭಾಗದ ಮಕ್ಕಳು ಅಡಿಕೆ ತೋಟಕ್ಕೆ ಬೋರ್ಡೋ ಹೊಡೆಯಲು ಮನೆಯಲ್ಲಿ ತಂದಿಟ್ಟ ಮೈಲುತುತ್ತವನ್ನೇ ತರುತ್ತಾರೆ. ವಸ್ತು ಅದೇ, ಆದರೆ ಕಲ್ಮಶ ಇರಬಹುದು. ತೋಟಕ್ಕೆ ಅದು ಸಾಕು. ಪರೀಕ್ಷೆಗೆ ಪ್ರಯೋಗಾಲಯದ ಬಾಟಲಿಯದ್ದನ್ನೇ ಬಳಸಿ.

ನೀರಿನ ಬಗ್ಗೆಯೂ ಒಂದು ಮಾತು. ಚಿತ್ರದುರ್ಗ ಕಡೆಯ ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಸುಣ್ಣದಂಶ ಕಾರ್ಬೋನೇಟ್ ಜತೆ ಸೇರಿ ಬಿಳಿ ಮಂಕು ಬರಿಸುತ್ತದೆ. ನಾನೂ ಒಮ್ಮೆ ಅವಸರಕ್ಕೆ ನಲ್ಲಿ ನೀರಿನಲ್ಲಿ ದ್ರಾವಣ ಮಾಡಿ, ಮಂಕು ಯಾಕೆ ಬಂತು ಅಂತ ಅರ್ಧ ದಿನ ತಲೆ ಕೆಡಿಸಿಕೊಂಡಿದ್ದೇನೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನ್ ಒಂದು ತಂದಿಟ್ಟುಕೊಳ್ಳಿ. ದ್ರಾವಣಕ್ಕೂ ಮಾದರಿಗೂ ಅದೇ ನೀರು ಸಾಕು.

ಹಂತ 1: ದ್ರಾವಣವನ್ನೇ ಮೊದಲು ಪರೀಕ್ಷಿಸಿ

ಒಂದು ಪ್ರನಾಳಕ್ಕೆ 5 ಮಿಲಿ ಬೆನೆಡಿಕ್ಟ್ ದ್ರಾವಣ ಹಾಕಿ, ಏನೂ ಸೇರಿಸದೆ ಕುದಿಯುವ ನೀರಿನಲ್ಲಿ ಐದು ನಿಮಿಷ ಇಡಿ. ಅದು ತಿಳಿ ನೀಲಿಯಾಗೇ ಇರಬೇಕು. ಬಣ್ಣ ಬದಲಾದರೆ ಅಥವಾ ಗಸಿ ಬಿದ್ದರೆ ಪ್ರನಾಳ ಕೊಳೆ ಇದೆ ಇಲ್ಲವೇ ದ್ರಾವಣ ಸರಿಯಿಲ್ಲ. ಈ ಹಂತವನ್ನು ಬಿಟ್ಟವರು ಆಮೇಲೆ ಬಂದ ಯಾವ ಫಲಿತಾಂಶವನ್ನೂ ನಂಬುವಂತಿಲ್ಲ.

ಇನ್ನೊಂದರಲ್ಲಿ ಗ್ಲೂಕೋಸ್ ಹಾಕಿ ನೋಡಿ. ಮೆಡಿಕಲ್ ಶಾಪಿನ ಗ್ಲೂಕೋಸ್ ಪುಡಿ ಸಾಕು. ಆದರೆ ಪೊಟ್ಟಣದ ಮೇಲೆ ಓದಿ. ಕೆಲವದರಲ್ಲಿ ಗ್ಲೂಕೋಸ್ ಜತೆ ಅಡುಗೆ ಸಕ್ಕರೆಯನ್ನೂ ವಿಟಮಿನ್ ಸಿಯನ್ನೂ ಬೆರೆಸಿರುತ್ತಾರೆ. ಬರೀ ಗ್ಲೂಕೋಸ್ ಇರುವುದು ಬೇಕು. 2 ಗ್ರಾಂ ಪುಡಿಯನ್ನು 100 ಮಿಲಿ ನೀರಿನಲ್ಲಿ ಕರಗಿಸಿದರೆ ಅದು 2 ಶೇಕಡಾ ದ್ರಾವಣ. ಇದು ಇಟ್ಟಂಗಿ ಕೆಂಪು ಕೊಡಲೇಬೇಕು.

ಹಂತ 2: ಅಳತೆ

ಹಳೆಯ ವಾಡಿಕೆ ಹೀಗಿದೆ: 5 ಮಿಲಿ ಬೆನೆಡಿಕ್ಟ್ ದ್ರಾವಣಕ್ಕೆ ಮಾದರಿಯ 8 ಹನಿ, ಅಂದರೆ ಸುಮಾರು ಅರ್ಧ ಮಿಲಿ. ಈ ಅಳತೆಗೆ ಒಂದು ಕಾರಣ ಇದೆ. 5 ಮಿಲಿಯಲ್ಲಿರುವ ತಾಮ್ರ, 2 ಶೇಕಡಾ ಗ್ಲೂಕೋಸಿನ 8 ಹನಿಗೆ ಹತ್ತಿರ ಹತ್ತಿರ ಖರ್ಚಾಗಿ ಮುಗಿಯುತ್ತದೆ. ಅದಕ್ಕೇ ಅಲ್ಲಿ ನೀಲಿ ಪೂರ್ತಿ ಹೋಗಿ ಇಟ್ಟಂಗಿ ಕೆಂಪು ಉಳಿಯುತ್ತದೆ. ಮಾದರಿಯನ್ನು 2 ಮಿಲಿ ಸುರಿದರೆ ಸ್ವಲ್ಪ ಸಕ್ಕರೆ ಇದ್ದರೂ ಕೆಂಪು, ಜಾಸ್ತಿ ಇದ್ದರೂ ಕೆಂಪು. ಹೋಲಿಸಲು ಏನೂ ಉಳಿಯುವುದಿಲ್ಲ.

ದ್ರಾವಣ ಉಳಿಸಬೇಕೆಂದರೆ ಎರಡನ್ನೂ ಅರ್ಧ ಮಾಡಿ: 2.5 ಮಿಲಿ ದ್ರಾವಣ, 4 ಹನಿ ಮಾದರಿ. ಒಂದನ್ನೇ ಕಮ್ಮಿ ಮಾಡಬೇಡಿ. ಎಲ್ಲ ಪ್ರನಾಳಕ್ಕೂ ಒಂದೇ ಬಗೆಯ ಡ್ರಾಪರ್ ಇರಲಿ. ಪ್ಲಾಸ್ಟಿಕ್ ಡ್ರಾಪರಿನ ಹನಿಯೂ ಗಾಜಿನ ಡ್ರಾಪರಿನ ಹನಿಯೂ ಒಂದೇ ಗಾತ್ರ ಇರುವುದಿಲ್ಲ.

ಹಂತ 3: ಬಿಸಿ ಮಾಡುವುದು

ಬೀಕರಿನಲ್ಲಿ ಅರ್ಧ ನೀರು ಹಾಕಿ ಕುದಿಸಿ. ಕೊತ ಕೊತ ಕುದಿಯಲು ಶುರುವಾದ ಮೇಲೆ ಎಲ್ಲ ಪ್ರನಾಳಗಳನ್ನೂ ಒಟ್ಟಿಗೆ ಇಳಿಸಿ. ಐದು ನಿಮಿಷ ಗಡಿಯಾರ ನೋಡಿ, ಒಟ್ಟಿಗೇ ತೆಗೆಯಿರಿ. ಮೊದಲು ಕುದಿ ಬರಲಿ ಅನ್ನುವುದು ಯಾಕೆಂದರೆ ತಣ್ಣೀರಿನಲ್ಲಿ ಇಟ್ಟು ಬಿಸಿ ಮಾಡಿದರೆ ಸಮಯದ ಲೆಕ್ಕ ತಪ್ಪುತ್ತದೆ. ಕೆಲವರು ಎರಡು ನಿಮಿಷಕ್ಕೇ ಎತ್ತಿ ನೋಡಿ ನೀಲಿ ಅಂತ ಬರೆದುಬಿಡುತ್ತಾರೆ. ಮಾದರಿ ತೆಳುವಾಗಿದ್ದರೆ ಹಸಿರು ಬರಲು ಮೂರು ನಾಲ್ಕು ನಿಮಿಷ ಬೇಕಾಗುತ್ತದೆ.

ಪ್ರನಾಳವನ್ನು ನೇರವಾಗಿ ದೀಪದ ಮೇಲೆ ಹಿಡಿಯಬೇಡಿ. ಕ್ಷಾರ ಇರುವ ದ್ರಾವಣ ತಳದಲ್ಲಿ ಒಮ್ಮೆಲೇ ಕುದಿದು ಬಾಯಿಂದ ಚಿಮ್ಮುತ್ತದೆ. ಕಣ್ಣಿಗೆ ಬಿದ್ದರೆ ಸುಮ್ನೆ ಅಲ್ಲ. ನೀರಿನ ಬೀಕರಿನಲ್ಲಿಟ್ಟರೂ ಪ್ರನಾಳದ ಬಾಯಿ ಯಾರ ಮುಖದ ಕಡೆಗೂ ಇರಬಾರದು. ಅಪ್ಪಿತಪ್ಪಿ ಚಿಮ್ಮಿದರೆ ತಕ್ಷಣ ತಣ್ಣೀರಿನಲ್ಲಿ ಹತ್ತು ಹದಿನೈದು ನಿಮಿಷ ತೊಳೆದು ಡಾಕ್ಟರ ಬಳಿ ಕರೆದುಕೊಂಡು ಹೋಗಿ.

ಹಂತ 4: ಬಣ್ಣ ಓದುವುದು

ಪ್ರನಾಳಗಳನ್ನು ಸ್ಟ್ಯಾಂಡಿನಲ್ಲಿಟ್ಟು ಹಿಂದೆ ಬಿಳಿ ಹಾಳೆ ಹಿಡಿಯಿರಿ. ಕಿಟಕಿಯ ಬೆಳಕು ಒಳ್ಳೆಯದು. ಹಳದಿ ಬಲ್ಬಿನ ಕೆಳಗೆ ನೀಲಿಯೂ ಹಸಿರಾಗಿ ಕಾಣುತ್ತದೆ. 5 ಮಿಲಿಗೆ 8 ಹನಿ ಅಳತೆಯಲ್ಲಿ ಹಸಿರು ಅಂದರೆ ಸುಮಾರು ಅರ್ಧ ಶೇಕಡಾ ಅಪಕರ್ಷಕ ಸಕ್ಕರೆ, ಹಳದಿ ಅಂದರೆ ಸುಮಾರು 1, ಕಿತ್ತಳೆ ಅಂದರೆ ಸುಮಾರು ಒಂದೂವರೆ, ಇಟ್ಟಂಗಿ ಕೆಂಪು ಅಂದರೆ 2 ಮತ್ತು ಅದಕ್ಕಿಂತ ಮೇಲೆ. ಇದು ಅಂದಾಜು ಅಷ್ಟೇ. ಇಟ್ಟಂಗಿ ಕೆಂಪು ಬಂದ ಮೇಲೆ ಸಕ್ಕರೆ 2 ಶೇಕಡಾ ಇದೆಯೋ 10 ಇದೆಯೋ ಬಣ್ಣ ಹೇಳಲಾರದು. ತಾಮ್ರ ಅಲ್ಲಿಗೇ ಮುಗಿದಿದೆ. ಹಾಗಾದಾಗ ಮಾದರಿಗೆ ಹತ್ತು ಪಟ್ಟು ನೀರು ಬೆರೆಸಿ ಮತ್ತೊಮ್ಮೆ ಮಾಡಿ.

ನೋಡಬೇಕಾದದ್ದು ಬಣ್ಣಕ್ಕಿಂತ ಹೆಚ್ಚಾಗಿ ಗಸಿ. ಇದನ್ನು ಒತ್ತಿ ಹೇಳುತ್ತಿರುವುದು ದಾಳಿಂಬೆಯಿಂದಾಗಿ. ಹಿರಿಯೂರು, ಹೊಸದುರ್ಗದ ಮಕ್ಕಳು ತೋಟದ ದಾಳಿಂಬೆ ತಂದು ರಸ ಹಿಂಡಿ ಹಾಕುತ್ತಾರೆ. ಬಿಸಿ ಮಾಡುವ ಮೊದಲೇ ಹಸಿರು ಛಾಯೆ ಬಂದುಬಿಡುತ್ತದೆ. ಅದು ಸಕ್ಕರೆಯಿಂದ ಬಂದದ್ದಲ್ಲ. ದಾಳಿಂಬೆಯ ಕೆಂಪು ಬಣ್ಣದ ಅಂಶ ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ಹಸಿರು ನೀಲಿ. ಸೋಡಾಕ್ಕೆ ತಾಗಿದ ತಕ್ಷಣ ಅದು ತಿರುಗುತ್ತದೆ. ನೇರಳೆ ಹಣ್ಣಿಗೂ ಕಪ್ಪು ದ್ರಾಕ್ಷಿಗೂ ಇದೇ ಮಾತು. ಆದ್ದರಿಂದ ಬಣ್ಣದ ಹಣ್ಣಿನ ರಸಕ್ಕೆ ಯಾವಾಗಲೂ ಎರಡು ಪ್ರನಾಳ ಮಾಡಿ. ಒಂದನ್ನು ಬಿಸಿ ಮಾಡಿ, ಇನ್ನೊಂದನ್ನು ತಣ್ಣಗೇ ಇಡಿ. ರಸವನ್ನು ಹತ್ತು ಪಟ್ಟು ನೀರಿಗೆ ಬೆರೆಸಿಕೊಂಡೇ ಹಾಕಿ. ಬಿಸಿಯಾದದ್ದರಲ್ಲಿ ಮಾತ್ರ ಗಸಿ ಕಂಡರೆ ಅದು ಸಕ್ಕರೆ. ಹತ್ತು ನಿಮಿಷ ಬಿಟ್ಟರೆ ಗಸಿ ತಳದಲ್ಲಿ ಕೂತು ಇನ್ನೂ ಸ್ಪಷ್ಟ ಕಾಣುತ್ತದೆ.

ಹಂತ 5: ಅಡುಗೆ ಸಕ್ಕರೆಯನ್ನು ಹಿಡಿಯುವುದು

ಈಗ ಮೊದಲ ಪ್ರಶ್ನೆಗೆ ಬರೋಣ. ಅಡುಗೆ ಸಕ್ಕರೆಯನ್ನೂ ಇದೇ ಪರೀಕ್ಷೆಯಲ್ಲಿ ಹಿಡಿಯಬಹುದು. ಮೊದಲು ಆ ಇಬ್ಬರ ಕೈ ಬಿಡಿಸಬೇಕು. ಹುಳಿಯಲ್ಲಿ ಕುದಿಸಿದರೆ ಸುಕ್ರೋಸ್ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಬೇರೆಯಾಗುತ್ತವೆ.

2 ಗ್ರಾಂ ಸಕ್ಕರೆಯನ್ನು 100 ಮಿಲಿ ನೀರಿನಲ್ಲಿ ಕರಗಿಸಿ. ಅದರಲ್ಲಿ 5 ಮಿಲಿ ಪ್ರನಾಳಕ್ಕೆ ಹಾಕಿ, ತೆಳು ಹೈಡ್ರೋಕ್ಲೋರಿಕ್ ಆಮ್ಲ 10 ಹನಿ ಸೇರಿಸಿ. ಕುದಿಯುವ ನೀರಿನಲ್ಲಿ ಐದು ನಿಮಿಷ ಇಡಿ. ತೆಗೆದು ಆರಲು ಬಿಡಿ. ಆಮೇಲೆ ಅಡುಗೆ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ. ಹಾಕಿದಾಗಲೆಲ್ಲ ಸುರ್ರನೆ ನೊರೆ ಬರುತ್ತದೆ. ನೊರೆ ನಿಂತಿತೆಂದರೆ ಹುಳಿ ಹೋಯಿತು. ಇದರ 8 ಹನಿಯನ್ನು 5 ಮಿಲಿ ಬೆನೆಡಿಕ್ಟ್‌ಗೆ ಹಾಕಿ ಬಿಸಿ ಮಾಡಿ. ಮುಂಚೆ ನೀಲಿಯಾಗಿ ಉಳಿದಿದ್ದ ಅದೇ ಸಕ್ಕರೆ ಈಗ ಕಿತ್ತಳೆ ಅಥವಾ ಇಟ್ಟಂಗಿ ಕೆಂಪಿಗೆ ಹೋಗುತ್ತದೆ.

ಎಲ್ಲರೂ ಎಡವುವುದು ಸೋಡಾ ಹಾಕುವ ಕಡೆ. ಹುಳಿ ಉಳಿಸಿಕೊಂಡೇ ಬೆನೆಡಿಕ್ಟ್‌ಗೆ ಹಾಕಿದರೆ ಅದರ ಕ್ಷಾರವನ್ನು ಹುಳಿ ತಿಂದುಬಿಡುತ್ತದೆ. ಹುಳಿ ಜಾಸ್ತಿ ಇದ್ದರೆ ಗಸಿಯೇ ಬೀಳುವುದಿಲ್ಲ. ಸಕ್ಕರೆ ಒಡೆದಿರುತ್ತದೆ, ನಿಮಗೆ ಕಾಣುವುದಿಲ್ಲ. ಮೊದಲ ಸಲ ಮಾಡುವವರು ಎರಡು ಮೂರು ಚಿಟಿಕೆಗೇ ನಿಲ್ಲಿಸುತ್ತಾರೆ. ನೊರೆ ನಿಲ್ಲುವ ತನಕ ಹಾಕಿ.

ಇನ್ನೊಂದು, ಆಮ್ಲದ ಬದಲಿಗೆ ನಿಂಬೆರಸ ಹಾಕಬಹುದಾ ಅಂತ ಕೇಳುತ್ತಾರೆ. ಬೇಡ. ನಿಂಬೆಯಲ್ಲೇ ಒಂದಿಷ್ಟು ಅಪಕರ್ಷಕ ಸಕ್ಕರೆ ಇದೆ, ವಿಟಮಿನ್ ಸಿ ಇದೆ. ವಿಟಮಿನ್ ಸಿ ಕೂಡ ತಾಮ್ರಕ್ಕೆ ಎಲೆಕ್ಟ್ರಾನ್ ಕೊಡುತ್ತದೆ. ಆಗ ಕೆಂಪು ಬಂದದ್ದು ಸಕ್ಕರೆ ಒಡೆದದ್ದರಿಂದಲೋ ನಿಂಬೆಯಿಂದಲೋ ಹೇಳಲಾಗುವುದಿಲ್ಲ.

ಹೋಲಿಕೆಗೆ ಒಂದು ಪ್ರನಾಳದಲ್ಲಿ ಸಕ್ಕರೆ ಬದಲು ಬರೀ ನೀರಿಗೆ ಇದೇ 10 ಹನಿ ಆಮ್ಲ, ಇದೇ ಸೋಡಾ ಹಾಕಿ ಪೂರ್ತಿ ಕ್ರಮ ಮಾಡಿ. ಅದು ನೀಲಿಯಾಗೇ ಉಳಿಯಬೇಕು.

ಬೆಲ್ಲದ ಕಥೆ ಇದರ ಪಕ್ಕದ್ದೇ. ಬೆಲ್ಲವೂ ಬಹುಪಾಲು ಸುಕ್ರೋಸ್. ಆದರೆ ಕಬ್ಬಿನ ಹಾಲಿನಲ್ಲೇ ಸ್ವಲ್ಪ ಗ್ಲೂಕೋಸ್, ಫ್ರಕ್ಟೋಸ್ ಇರುತ್ತವೆ. ಕೊಪ್ಪರಿಗೆಯಲ್ಲಿ ಹೊತ್ತು ಹೊತ್ತು ಕುದಿಯುವಾಗ ಇನ್ನಷ್ಟು ಸುಕ್ರೋಸ್ ಒಡೆಯುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಹರಳು ಬೇರೆ ಮಾಡುವಾಗ ಇವು ಕಾಕಂಬಿಯಲ್ಲಿ ಹೋಗಿಬಿಡುತ್ತವೆ. ಬೆಲ್ಲದಲ್ಲಿ ಉಳಿಯುತ್ತವೆ. ಅದಕ್ಕೇ 10 ಗ್ರಾಂ ಬೆಲ್ಲವನ್ನು 100 ಮಿಲಿ ನೀರಿನಲ್ಲಿ ಕರಗಿಸಿ, ಸೋಸಿ, 8 ಹನಿ ಹಾಕಿದರೆ ಆಮ್ಲ ಇಲ್ಲದೆಯೇ ಹಸಿರೋ ಹಳದಿಯೋ ಬರುತ್ತದೆ. ಒಂದು ಪ್ರನಾಳ ಸಕ್ಕರೆ, ಒಂದು ಪ್ರನಾಳ ಬೆಲ್ಲ ಪಕ್ಕಪಕ್ಕ ಇಟ್ಟು ತೋರಿಸಿದರೆ ಮಕ್ಕಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಹಂತ 6: ಮಂಡಕ್ಕಿಯ ಪರೀಕ್ಷೆ

ದಾವಣಗೆರೆಯಲ್ಲಿ ಮಂಡಕ್ಕಿಗೆ ಬರವಿಲ್ಲ. ಬಾಯಲ್ಲಿ ಹೊತ್ತು ಅಗಿದರೆ ಅದು ಸಿಹಿಯಾಗುತ್ತದೆ, ಗಮನಿಸಿದ್ದೀರಾ? ಮಂಡಕ್ಕಿ ಪಿಷ್ಟ. ಪಿಷ್ಟ ಅಂದರೆ ಸಾವಿರಾರು ಗ್ಲೂಕೋಸ್ ಒಂದರ ಹಿಂದೊಂದು ಸೇರಿದ ಉದ್ದನೆ ಸರಪಳಿ. ಕೊನೆಯಲ್ಲಿ ಒಂದೇ ಕೈ ಖಾಲಿ ಇರುವುದರಿಂದ ಬೆನೆಡಿಕ್ಟ್‌ಗೆ ಅದು ಇದ್ದೂ ಇಲ್ಲದಂತೆ. ಬಾಯಿಯ ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಈ ಸರಪಳಿಯನ್ನು ತುಂಡು ಮಾಡಿ ಮಾಲ್ಟೋಸ್ ಮಾಡುತ್ತದೆ. ಮಾಲ್ಟೋಸ್ ಅಪಕರ್ಷಕ ಸಕ್ಕರೆ. ಅಂದರೆ ಬಾಯಲ್ಲಿ ಆದ ಸಿಹಿಯನ್ನು ಪ್ರನಾಳದಲ್ಲಿ ಕಣ್ಣಾರೆ ನೋಡಬಹುದು.

ಬರೀ ಮಂಡಕ್ಕಿ ತನ್ನಿ. ಖಾರ ಮಂಡಕ್ಕಿ ಬೇಡ. ಅದರಲ್ಲಿ ಈರುಳ್ಳಿ, ಪುಟಾಣಿ ಎಲ್ಲ ಇರುತ್ತದೆ, ಈರುಳ್ಳಿಯಲ್ಲೇ ಬೇಕಾದಷ್ಟು ಅಪಕರ್ಷಕ ಸಕ್ಕರೆ ಇದೆ. ಮೊದಲು ಬಾಯಿ ಚೆನ್ನಾಗಿ ಮುಕ್ಕಳಿಸಿ. ಟೀ ಕುಡಿದ ಬಾಯಲ್ಲಿ ಮಾಡಿದರೆ ಹಾಲಿನ ಲ್ಯಾಕ್ಟೋಸ್ ಮೋಸ ಮಾಡುತ್ತದೆ.

ಮೂರು ಲೋಟ ಸಾಲಾಗಿ ಇಡಿ. ಮೊದಲನೆಯದಕ್ಕೆ ಎರಡು ಚಮಚ ಮಂಡಕ್ಕಿಯನ್ನು ಕುಟ್ಟಿ 10 ಮಿಲಿ ನೀರು ಹಾಕಿ. ಎರಡನೆಯದಕ್ಕೆ ಬರೀ ಜೊಲ್ಲು, ಅದಕ್ಕೂ ಸ್ವಲ್ಪ ನೀರು. ಮೂರನೆಯದಕ್ಕೆ ಎರಡು ಚಮಚ ಮಂಡಕ್ಕಿಯನ್ನು ಎರಡು ನಿಮಿಷ ನುಂಗದೆ ಅಗಿದು ಉಗುಳಿ, 10 ಮಿಲಿ ಬೆಚ್ಚಗಿನ ನೀರು ಸೇರಿಸಿ. ಮೂರನ್ನೂ ಹದಿನೈದು ನಿಮಿಷ ಹಾಗೇ ಬಿಡಿ. ನೀರು ಮೈ ಬಿಸಿಯಷ್ಟೇ ಇರಲಿ. ಸುಡುವ ನೀರು ಹಾಕಿದರೆ ಕಿಣ್ವ ಸತ್ತು ಕೆಲಸ ನಿಲ್ಲುತ್ತದೆ. ಆಮೇಲೆ ಬಟ್ಟೆಯಲ್ಲಿ ಸೋಸಿ, ತಿಳಿಯಿಂದ 8 ಹನಿ ತೆಗೆದು ಮೂರು ಪ್ರನಾಳಕ್ಕೆ ಹಾಕಿ ಬಿಸಿ ಮಾಡಿ.

ಎರಡನೆಯದು ನೀಲಿಯಾಗಿ ಉಳಿಯಬೇಕು. ಮೂರನೆಯದರಲ್ಲಿ ಹಸಿರು, ಹಳದಿ, ಕೆಲವೊಮ್ಮೆ ಕಿತ್ತಳೆಯವರೆಗೆ ಗಸಿ ಬರುತ್ತದೆ. ಮೊದಲನೆಯದು ನೀಲಿ ಅಥವಾ ತುಸು ಹಸಿರು. ಭತ್ತ ನೆನೆಸಿ, ಬೇಯಿಸಿ, ಭಟ್ಟಿಯ ಕಾದ ಮರಳಿನಲ್ಲಿ ಹುರಿಯುವಾಗ ಒಂದಿಷ್ಟು ಪಿಷ್ಟ ತುಂಡಾಗಿರಬಹುದು. ಹಾಗಾಗಿ ಮೂರನೆಯದನ್ನು ಒಂದೇ ನೋಡಿ ತೀರ್ಮಾನಿಸದೆ, ಮೊದಲನೆಯದಕ್ಕಿಂತ ಎಷ್ಟು ಮುಂದೆ ಹೋಯಿತು ಅನ್ನುವುದನ್ನು ಬರೆದುಕೊಳ್ಳಿ. ಒಬ್ಬರ ಜೊಲ್ಲನ್ನು ಇನ್ನೊಬ್ಬರು ಮುಟ್ಟಬಾರದು. ಅವರವರ ಲೋಟ ಅವರವರೇ ತೊಳೆಯಲಿ.

ಒಬ್ಬ ಹುಡುಗನ ಜೊಲ್ಲಿನಲ್ಲಿ ಕಿತ್ತಳೆ, ಇನ್ನೊಬ್ಬನದರಲ್ಲಿ ಬರೀ ಹಸಿರು ಬಂದರೆ ಗಾಬರಿ ಬೇಡ. ಅಮೈಲೇಸ್ ಎಷ್ಟಿರುತ್ತದೆ ಅನ್ನುವುದು ಜನದಿಂದ ಜನಕ್ಕೆ ಬೇರೆ. ಅದು ಕಾಯಿಲೆಯ ಗುರುತಲ್ಲ.

ಈ ಪರೀಕ್ಷೆಗೆ ಆಗದ ಕೆಲಸಗಳು

"ಹಾಲಿಗೆ ಸಕ್ಕರೆ ಬೆರೆಸಿದ್ದಾರಾ ನೋಡಬಹುದಾ?" ಆಗದು. ಶುದ್ಧ ಹಾಲಿನಲ್ಲೇ ಲ್ಯಾಕ್ಟೋಸ್ ಇದೆ, ಅದೇ ಕೆಂಪು ತರುತ್ತದೆ. ಬೆರೆಸಿದ ಅಡುಗೆ ಸಕ್ಕರೆ ಕಾಣುವುದೇ ಇಲ್ಲ. ಅದಕ್ಕೆ ರಿಸಾರ್ಸಿನಾಲ್ ಎಂಬ ಬೇರೆ ಪರೀಕ್ಷೆ ಇದೆ. "ಜೇನುತುಪ್ಪಕ್ಕೆ ಬೆಲ್ಲ ಸೇರಿಸಿದ್ದಾರಾ?" ಅದೂ ಆಗದು. ಅಪ್ಪಟ ಜೇನು ಬಹುಪಾಲು ಗ್ಲೂಕೋಸ್, ಫ್ರಕ್ಟೋಸ್. ಅದೂ ಕೆಂಪು, ಬೆರಕೆಯೂ ಕೆಂಪು.

ಮೂತ್ರದ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಮೂತ್ರದಲ್ಲಿ ಅದ್ದಿ ನೋಡುವ ಪಟ್ಟಿಗಳು ಬರುವ ಮೊದಲು ಆಸ್ಪತ್ರೆಗಳಲ್ಲಿ ಸಕ್ಕರೆ ಕಾಯಿಲೆಯನ್ನು ನೋಡುತ್ತಿದ್ದದ್ದು ಇದೇ ನೀಲಿ ದ್ರಾವಣದಿಂದ, ಇದೇ 5 ಮಿಲಿಗೆ 8 ಹನಿ ಲೆಕ್ಕದಿಂದ. ಮನೆಯಲ್ಲಿ ಮಾಡಿ ನೋಡಲೇ ಅಂತ ಈಗಲೂ ಕೆಲವರು ಕೇಳುತ್ತಾರೆ. ದಯವಿಟ್ಟು ಇದರ ಮೇಲೆ ಮಾತ್ರೆ ನಿರ್ಧರಿಸಬೇಡಿ. ರಕ್ತದಲ್ಲಿ ಗ್ಲೂಕೋಸ್ ಒಂದು ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲಷ್ಟೇ ಮೂತ್ರಕ್ಕೆ ಇಳಿಯುತ್ತದೆ. 160 ಇದ್ದವರ ಮೂತ್ರ ನೀಲಿಯಾಗೇ ಕಾಣಬಹುದು, ಅದು ಸರಿಯಿದೆ ಅಂತಲ್ಲ. ಇತ್ತ ವಿಟಮಿನ್ ಸಿ ಮಾತ್ರೆ ಜಾಸ್ತಿ ತಿಂದವರಲ್ಲಿ, ಹಾಲುಣಿಸುವ ತಾಯಂದಿರಲ್ಲಿ ಸಕ್ಕರೆ ಕಾಯಿಲೆ ಇಲ್ಲದೆಯೂ ಹಸಿರು ಬರಬಹುದು. ತಾಯಂದಿರ ಮೂತ್ರದಲ್ಲಿ ಬರುವುದು ಲ್ಯಾಕ್ಟೋಸ್. ಈಗಿನ ಪಟ್ಟಿಗಳಲ್ಲಿರುವ ಕಿಣ್ವ ಗ್ಲೂಕೋಸನ್ನು ಮಾತ್ರ ಹಿಡಿಯುತ್ತದೆ, ಲ್ಯಾಕ್ಟೋಸನ್ನು ಮುಟ್ಟುವುದಿಲ್ಲ. ಏನೇ ಅನುಮಾನ ಇದ್ದರೂ ರಕ್ತ ಪರೀಕ್ಷೆಯೇ ದಾರಿ.

ಹಂತ 7: ಚೆಲ್ಲುವುದು, ತೊಳೆಯುವುದು

ಉಳಿದ ನೀಲಿ ದ್ರಾವಣ, ಕೆಂಪು ಗಸಿ ಎರಡನ್ನೂ ಸಿಂಕಿಗೆ ಸುರಿಯಬೇಡಿ. ಚರಂಡಿಗೆ, ಕೈತೋಟಕ್ಕೂ ಬೇಡ. ತಾಮ್ರ ಮೀನಿಗೆ, ನೀರಿನ ಜೀವಿಗಳಿಗೆ ವಿಷ. ಒಂದು ಪ್ಲಾಸ್ಟಿಕ್ ಕ್ಯಾನಿಗೆ ತಾಮ್ರದ ತ್ಯಾಜ್ಯ ಅಂತ ಚೀಟಿ ಅಂಟಿಸಿ ಅದರಲ್ಲಿ ಕೂಡಿಡಿ. ತುಂಬಿದ ಮೇಲೆ ರಾಸಾಯನಿಕ ತ್ಯಾಜ್ಯ ವಿಲೇವಾರಿ ವ್ಯವಸ್ಥೆ ಇರುವ ಕಾಲೇಜಿಗೆ ಕೊಡಿ.

ಪ್ರನಾಳದ ತಳದಲ್ಲಿ ಕೆಂಪು ಗಸಿ ಒಣಗಿದರೆ ಬ್ರಷ್‌ಗೆ ಜಗ್ಗುವುದಿಲ್ಲ. ಆದ್ದರಿಂದ ಓದಿದ ಕೂಡಲೇ ಖಾಲಿ ಮಾಡಿ. ಅಂಟಿದ್ದರೆ ತೆಳು ಹೈಡ್ರೋಕ್ಲೋರಿಕ್ ಆಮ್ಲ ಸ್ವಲ್ಪ ಹಾಕಿ ಕಾಲು ಗಂಟೆ ಬಿಡಿ, ಸಡಿಲಾಗುತ್ತದೆ. ಆ ನೀರೂ ಅದೇ ಕ್ಯಾನಿಗೆ. ಆಮೇಲೆ ಮೂರು ಸಲ ನಲ್ಲಿ ನೀರು, ಕೊನೆಗೊಂದು ಸಲ ಡಿಸ್ಟಿಲ್ಡ್ ನೀರು. ಆಮ್ಲದ ಹನಿ ಒಳಗೆ ಉಳಿದರೆ ಮುಂದಿನ ತರಗತಿಯಲ್ಲಿ ಸಕ್ಕರೆ ಇದ್ದರೂ ಕಮ್ಮಿ ತೋರಿಸುತ್ತದೆ, ಹಳೆ ಗಸಿ ಉಳಿದರೆ ಇಲ್ಲದ ಸಕ್ಕರೆ ತೋರಿಸುತ್ತದೆ. ತೊಳೆದ ಪ್ರನಾಳವನ್ನು ಬೋರಲು ಹಾಕಿ ಒಣಗಿಸಿ, ಮುಂದಿನ ಸಲ ಮತ್ತೆ ಹಂತ 1ರಿಂದಲೇ ಶುರು ಮಾಡಿ.